ಅಳಿಸದೆ ಮಾರಿದ ಟ್ಯಾಬ್

ತಂಗಿಯ ಟ್ಯಾಬ್ ಮಾರುವ ಮೊದಲು ಅದರೊಳಗಿದ್ದುದನ್ನು ನಾನು ಅಳಿಸಲಿಲ್ಲ. ಅಳಿಸಿದ್ದೇನೆ ಎಂದು ಜಾಹೀರಾತಿನಲ್ಲಿ ಬರೆದೆ. ಕೊಳ್ಳಲು ಬಂದವರು ಕೇಳಿದಾಗ ಹೌದು ಅಂದೆ. ಎಲ್ಲ ಕೆಟ್ಟ ಮೇಲೆ ತಂಗಿಗೂ ಅದನ್ನೇ ಹೇಳಿದೆ.

ನಮ್ಮ ತಾತ ಬಳ್ಳಾರಿ ಕಡೆಯಿಂದ ವಿಶಾಖಪಟ್ಟಣಕ್ಕೆ ಬಂದವರು. ನಾನು ಎಂಟನೇ ತರಗತಿಗೆ ಶಾಲೆ ಬಿಟ್ಟು, ಸಿಂಹಾಚಲಂ ಬೆಟ್ಟದ ಕೆಳಗೆ ದೇವರ ಪಟಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟೆ. ತಂಗಿ ಓದಿದಳು. ಅವಳನ್ನು ವಿಜಯವಾಡದ ಪಟಮಟದಲ್ಲಿ ಒಂದು ತೆಲುಗು ಮನೆಗೆ ಕೊಟ್ಟೆವು. ಅಲ್ಲಿ ಅವಳು ಒಂದು ಶಾಲೆಯ ಆಫೀಸಿನಲ್ಲಿ ಲೆಕ್ಕ ಬರೆಯುತ್ತಿದ್ದಳು. ಅವಳ ಗಂಡ, ನಮ್ಮ ಭಾವ, ಕೈ ಮಾಡುತ್ತಾನೆ ಎಂಬುದು ನಮಗೆ ತಡವಾಗಿ ತಿಳಿಯಿತು.

2016ರ ದಸರಾಕ್ಕೆ ಬಂದವಳು ಚೀಲದ ತಳದಿಂದ ಟ್ಯಾಬ್ ತೆಗೆದು, ಮಾರಿಬಿಡು ಎಂದು ನನ್ನ ಕೈಗಿಟ್ಟಳು. ಭಾವ ದಿನವೂ ಅದನ್ನು ತೆರೆದು ನೋಡಲು ಶುರುಮಾಡಿದ್ದನಂತೆ. ಕಳೆದುಹೋಯಿತು ಎಂದು ಅವನಿಗೆ ಹೇಳಿದ್ದಳು. ವಿಶಾಖಪಟ್ಟಣದಲ್ಲೇ ಇರುವ ಋಷಿಕೊಂಡದ ಒಂದು ಕಂಪನಿಗೆ ಅರ್ಜಿ ಹಾಕಿದ್ದಳು. ಕೆಲಸ ಸಿಕ್ಕ ದಿನವೇ ಆ ಮನೆ ಬಿಟ್ಟು ಬರುವುದು ಎಂದು ನಾವಿಬ್ಬರೇ ಮಾತಾಡಿಕೊಂಡಿದ್ದೆವು.

"ಅಣ್ಣಯ್ಯಾ, ಮೊದಲು ನನ್ನ ಅಕೌಂಟ್ ತೆಗಿ. ಆಮ್ಯಾಲ ಸೆಟ್ಟಿಂಗ್ಸ್‌ನಾಗ ಫ್ಯಾಕ್ಟರಿ ರೀಸೆಟ್ ಒತ್ತು. ಮೇಲ್ ಎಲ್ಲಾ ಅದರಾಗ ಬರ್ತಾವ, ಇನ್ನ ಮ್ಯಾಲ ನಾನು ಶಾಲಿ ಆಫೀಸಿನಾಗ ನೋಡ್ಕೋತೀನಿ. ಮರೀಬ್ಯಾಡ."

"ನನಗೇನ್ ಹೇಳಿಕೊಡ್ತೀಯ? ಮೊಬೈಲ್ ಹಿಡಿಯೋದು ನಿನಗ ಕಲಿಸಿದ್ದು ಯಾರು?"

"ನೀನೇ ಮಹಾರಾಯ. ಒತ್ತು ಅಷ್ಟೇ," ಎಂದು ನಕ್ಕಳು. ಅವಳು ಹಾಗೆ ನಕ್ಕಿದ್ದು ನನಗೆ ನೆನಪಿರುವಂತೆ ಅದೇ ಕೊನೆ.

ಅವಳು ರೈಲು ಹತ್ತಿದ ಮೇಲೆ ಅಂಗಡಿಯಲ್ಲಿ ಕೂತು ತೆರೆದೆ. ಎಲ್ಲ ಇಂಗ್ಲಿಷಿನಲ್ಲಿತ್ತು. ಕೂಡಿಸಿಕೊಂಡು ಓದುತ್ತಾ ಕೊನೆಗೆ ಒಂದು ಗುಂಡಿಯ ಹತ್ತಿರ ಬಂದೆ. 'ಎರೇಸ್ ಎವೆರಿಥಿಂಗ್' ಎಂದಿತ್ತು. ಎಲ್ಲವನ್ನೂ ಅಳಿಸುವುದು ಅಂದರೆ ಟ್ಯಾಬ್ ನಡೆಸುವುದನ್ನೂ ಅಳಿಸಿಬಿಡುತ್ತದೆ, ಆಮೇಲೆ ಬರೀ ಗಾಜು ಉಳಿಯುತ್ತದೆ ಎಂದು ಹೆದರಿದೆ. ಪಕ್ಕದಲ್ಲೇ ಮೊಬೈಲ್ ರಿಪೇರಿ ಅಂಗಡಿಯಿತ್ತು. ಕೇಳಲು ನಾಚಿಕೆ. ಮುಂಪರದೆಯ ಮೇಲಿನ ಚಿತ್ರಗಳನ್ನು ಒಂದೊಂದಾಗಿ ಬೆರಳಲ್ಲಿ ಎಳೆದು ತೆಗೆದುಹಾಕಿದೆ. ಪರದೆ ಬೋಳಾಯಿತು. ಎಲ್ಲ ಹೋಯಿತು ಅಂದುಕೊಂಡೆ. ಪೂರ್ತಿ ಅಂದುಕೊಂಡೆನೋ, ಅಂದುಕೊಳ್ಳಬೇಕು ಎಂದಿತ್ತೋ, ಈಗ ಹೇಳಲಾರೆ.

ಜಾಹೀರಾತು ಬರೆಯಲು ಬೇರೆಯವರದನ್ನು ನೋಡಿ ಸಾಲುಗಳನ್ನು ಇಳಿಸಿಕೊಂಡೆ. ಹದಿನಾರು ಜಿಬಿ. ಪರದೆ ಒಡೆದಿಲ್ಲ, ಬಲಮೂಲೆಯಲ್ಲಿ ಕೂದಲೆಳೆಯಷ್ಟು ಗೀರು. ಬ್ಯಾಟರಿಗೆ ಏನು ಬರೆಯಬೇಕೆಂದು ತಿಳಿಯದೆ, ತುಂಬ ಚಾರ್ಜ್ ಮಾಡಿ ಅಂಗಡಿ ಮುಚ್ಚುವತನಕ ಭಜನೆಯ ವಿಡಿಯೋ ಓಡಿಸಿದೆ. ತಡೆಯಿತು. ಅದನ್ನೂ ಬರೆದೆ. ಜೊತೆಗೆ ಬಂದಿದ್ದ ಚಾರ್ಜರ್ ಕೊಡಲಾಗುವುದು. ರೀಸೆಟ್ ಮಾಡಲಾಗಿದೆ. ಆ ಸಾಲೂ ಎಲ್ಲರ ಜಾಹೀರಾತಿನಲ್ಲಿತ್ತು, ನನ್ನದರಲ್ಲೂ ಬಂತು. ಗೀರಿನ ವಿಷಯದಲ್ಲಿ ಅಷ್ಟು ಪ್ರಾಮಾಣಿಕನಾಗಿದ್ದೆ.

ಬಂದವರು ಬ್ಯಾಂಕಿನ ಗುಮಾಸ್ತರು, ಹಾಸನದ ಕಡೆಯಿಂದ ವರ್ಗವಾಗಿ ಬಂದಿದ್ದರು. ನನ್ನ ಮಾತು ಕೇಳಿದ್ದೇ, "ಅಯ್ಯೋ, ಕನ್ನಡದೋರಾ! ಮೊದಲೇ ಹೇಳ್ಬಾರ್ದಾ? ನನ್ನ ಮುರುಕು ತೆಲುಗು ಕೇಳಿ ಮಜಾ ತಗೊಂಡ್ರಲ್ಲ!" ಎಂದರು. ಪರದೆಯ ಮೇಲೆ ಬಿಳಿ ಚಿತ್ರ ತಂದು ಕಲೆ ಹುಡುಕಿದರು. ಚಾರ್ಜರ್ ಸಿಕ್ಕಿಸಿ ಗುರುತು ಮೂಡುವುದನ್ನು ನೋಡಿದರು. ಸ್ಟೋರೇಜ್ ತೆಗೆದು ಹುಬ್ಬೇರಿಸಿದರು.

"ರೀಸೆಟ್ ಆಗಿದೆ ಅಂದ್ರಿ, ಇಷ್ಟೊಂದು ತುಂಬಿದೆಯಲ್ಲ?"

"ಅದು ಕಂಪನಿಯದೇ ಸಾರ್," ಅಂದೆ.

"ಸರಿ ಬಿಡಿ. ನಮ್ಮೋರು ಸುಳ್ಳು ಹೇಳ್ತಾರಾ!"

ಎರಡು ದಿನ ಬಿಟ್ಟು, ಭಾನುವಾರ, ಅವರ ಫೋನ್ ಬಂತು. ಹೆಸರು ನೋಡಿದೆ. ವಾಪಸ್ ಕೊಡಲು ಮಾಡುತ್ತಿದ್ದಾರೆ ಎನಿಸಿತು. ಎತ್ತಲಿಲ್ಲ. ಮತ್ತೆ ಬಂತು. ಪಟವೊಂದಕ್ಕೆ ಮೊಳೆ ಹೊಡೆಯುತ್ತ ಕೂತೆ. ಸದ್ದು ನಿಂತಿತು.

ಆ ಮನುಷ್ಯ ಒಳ್ಳೆಯವರು. ನಡೆದದ್ದನ್ನು ಆಮೇಲೆ ಅವರೇ ನನಗೆ ಹೇಳಿದರು. ಮನೆಯ ವೈಫೈಗೆ ಸೇರಿಸಿದೊಡನೆ ತಂಗಿಯ ಮೇಲ್‌ಗಳು ಸಾಲಾಗಿ ಇಳಿದಿವೆ. ಸೋಮವಾರ ಇಂಟರ್‌ವ್ಯೂ ಎಂಬ ಪತ್ರ ಮೇಲೆಯೇ ಇತ್ತು. ಯಾರದೋ ಕೆಲಸ ತಪ್ಪಿಹೋಗಬಾರದು ಎಂದು ಅವರಿಗೆ ಅನಿಸಿದೆ. ನಾನು ಎತ್ತದೆ ಇದ್ದಾಗ, ಅದರಲ್ಲೇ ಇದ್ದ ನಂಬರುಗಳಲ್ಲಿ 'ಮನೆ' ಎಂದು ಕನ್ನಡದಲ್ಲಿ ಬರೆದಿದ್ದಕ್ಕೆ ತಮ್ಮ ಫೋನಿನಿಂದ ಮಾಡಿದ್ದಾರೆ. ಅದು ಪಟಮಟದ ಮನೆ. ಎತ್ತಿದ್ದು ಭಾವ. ಸಿಂಹಾಚಲದಲ್ಲಿ ನಿಮ್ಮವರಿಂದ ಟ್ಯಾಬ್ ಕೊಂಡೆ, ಅಕೌಂಟ್ ತೆಗೆಯಲು ಮರೆತಿದ್ದಾರೆ, ಮೇಡಂಗೆ ನಾಳೆ ಋಷಿಕೊಂಡದಲ್ಲಿ ಇಂಟರ್‌ವ್ಯೂ ಇದೆಯಂತೆ, ದಯವಿಟ್ಟು ತಿಳಿಸಿ ಎಂದು ಆ ಮುರುಕು ತೆಲುಗಿನಲ್ಲೇ ಹೇಳಿದ್ದಾರೆ. ಭಾವ ಥ್ಯಾಂಕ್ಸ್ ಹೇಳಿದನಂತೆ.

ಸೋಮವಾರ ತಂಗಿ ಆಸ್ಪತ್ರೆಯಲ್ಲಿದ್ದಳು. ಎಡಗಿವಿಯ ತಮಟೆ ಹರಿದಿತ್ತು. ಬಾತ್‌ರೂಮಿನಲ್ಲಿ ಜಾರಿಬಿದ್ದಳು ಎಂದು ಭಾವನ ಮನೆಯವರು ಬರೆಸಿದ್ದರು. ನಾನು ಹೋಗಿ ಕರೆತಂದೆ. ರೈಲು ರಾಜಮಂಡ್ರಿ ದಾಟಿತು. ಆಮೇಲೆ ಕೇಳಿದಳು. "ನೀನು ರೀಸೆಟ್ ಮಾಡಿದ್ದೆಯಲ್ಲ ಅಣ್ಣಯ್ಯಾ?"

"ಮಾಡಿದ್ದೆ. ಈಗಿನವರು ಅಳಿಸಿದ್ದನ್ನೂ ಹೊರಗ ತೆಗೀತಾರಂತವ್ವ. ಅವನೇ ಏನೋ ಮಾಡ್ಯಾನ."

ಕೇಡು ಬಗೆಯದ ಮನುಷ್ಯನ ಮೇಲೆ ಹೊರಿಸಿದೆ. ಅವಳು ನಂಬಿದಳು. ನಾನು ಹೇಳಿದ್ದನ್ನು ಅವಳು ಯಾವಾಗಲೂ ನಂಬುತ್ತಿದ್ದಳು.

ಋಷಿಕೊಂಡದ ಕೆಲಸ ಮತ್ತೆ ಸಿಗಲಿಲ್ಲ. ಒಂದು ಔಷಧಿ ಅಂಗಡಿಯಲ್ಲಿ ಬಿಲ್ ಬರೆಯಲು ಸೇರಿದಳು. ಗಿರಾಕಿಗಳು ಎಡದಿಂದ ಕೇಳಿದರೆ ಕೇಳಿಸದೆ ಬೈಸಿಕೊಳ್ಳುತ್ತಿದ್ದಳು. ಹಳೆಯ ಫೋಟೋಗಳನ್ನು ಫೋನಿನಿಂದ ಅಳಿಸಿಹಾಕಿದಳು. ಯಾರಿಗೂ ಮೇಲ್ ಬರೆಯುತ್ತಿರಲಿಲ್ಲ. ನಾನು ನೋಡುತ್ತಲೇ ಇದ್ದೆ.

2019ರಲ್ಲಿ, ಔಷಧಿ ಅಂಗಡಿಯ ಮಾಲೀಕರು ಕೊಟ್ಟಿದ್ದ ಹಳೆಯ ಟ್ಯಾಬ್ ಒಂದು ಅವಳಿಗೆ ಬೇಡವಾಯಿತು. ಮಧ್ಯಾಹ್ನ ಊಟವಾದ ಮೇಲೆ ಹಿತ್ತಲ ಕಲ್ಲಿನ ಮೇಲೆ ಕೂತು ರೀಸೆಟ್ ಮಾಡಿದಳು. ನಾನು ಪಕ್ಕದಲ್ಲಿದ್ದೆ. ಅಕೌಂಟ್ ತೆಗೆದಳು, ನನಗೆ ಗುರುತಿದ್ದ ಅದೇ ಗುಂಡಿ ಒತ್ತಿದಳು. ಪರದೆ ಕಪ್ಪಾಯಿತು. ಸ್ವಲ್ಪ ಹೊತ್ತಿಗೆ ತಾನಾಗಿ ಬೆಳಗಿ, ಅಂಗಡಿಯಿಂದ ಹೊಸದಾಗಿ ತಂದಂತೆ, ಯಾವ ಭಾಷೆ ಬೇಕು ಎಂದು ಕೇಳಿತು. ಏನೂ ಸತ್ತಿರಲಿಲ್ಲ. ಇಷ್ಟಕ್ಕೇ ಹೆದರಿದ್ದೆ.

"ಚಲೋ ಅದ. ಮಾರಬಹುದಲ್ಲ," ಅಂದೆ.

"ಮಾರಬೇಕಾ? ಅಳಿಸಿದ್ದನ್ನೂ ತೆಗೀತಾರ ಅಂದವನು ನೀನೇ ಅಲ್ಲೇನು?"

ಅವಳು ಒಳಗಿನಿಂದ ರುಬ್ಬುಗುಂಡು ತಂದಳು. ಟ್ಯಾಬನ್ನು ಬೋರಲು ಹಾಕಿದಳು. ಎರಡೂ ಕೈಯಿಂದ ಗುಂಡು ಎತ್ತಿದಳು. ನನಗೆ ಗೊತ್ತಾಯಿತು, ಅವಳು ಹೆದರುತ್ತಿರುವುದು ಭಾವನಿಗಲ್ಲ, ನನ್ನ ಮಾತಿಗೆ.

"ನಾನು ಅಳಿಸಿರಲಿಲ್ಲ," ಅಂದೆ.

ನಾನು ಅವಳ ಎಡಕ್ಕೆ ಕೂತಿದ್ದೆ. ಅವಳಿಗೆ ಕೇಳಿಸಲಿಲ್ಲ. ಅಲ್ಲಿಗೇ ಬಿಡಬಹುದಿತ್ತು, ಬಿಡಬೇಕೆಂದೂ ಅನಿಸಿತು. ಅವಳು ಗುಂಡು ಇಳಿಸಿ ಮುಖ ತಿರುಗಿಸಿದಳು. "ಏನಂದಿ? ಈ ಕಡೆ ಬಂದು ಹೇಳು."

ಎದ್ದು ಅವಳ ಬಲಕ್ಕೆ ಹೋಗಿ ಮಣ್ಣಿನಲ್ಲಿ ಕೂತೆ.

"ನಾನು ರೀಸೆಟ್ ಮಾಡಿರಲಿಲ್ಲವ್ವ. ಗುಂಡಿ ಒತ್ತಲು ಹೆದರಿದೆ, ಯಾರನ್ನೂ ಕೇಳಲಿಲ್ಲ. ಆ ಬ್ಯಾಂಕಿನವರು ಮೊದಲು ನನಗೇ ಫೋನ್ ಮಾಡಿದ್ದರು, ನಾನು ಎತ್ತಲಿಲ್ಲ. ಅವರದೇನೂ ತಪ್ಪಿಲ್ಲ. ಅಳಿಸಿದ್ದು ಅಳಿಸಿದ್ದೇ, ಯಾರೂ ತೆಗೆದಿರಲಿಲ್ಲ. ನಿನ್ನ ಕಿವಿ ಹೋದದ್ದು ನನ್ನಿಂದ. ತಪ್ಪಾಯಿತು."