ಭಾನುವಾರದ ಎರಡು ಗಂಟೆ

ನನ್ನ ತಮ್ಮನಿಗೆ ಮುಂದಿನ ಹಲ್ಲು ಒಂದಿಲ್ಲ. ಅದನ್ನು ಮುರಿದವನು ನಾನು.

ನಾವಿಬ್ಬರೂ ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಲಾರಿ ತುಂಬುತ್ತಿದ್ದೆವು. ದೇಶದೇಶದವರು ಒಟ್ಟಿಗೆ ಆಡುವ ಕಂಪ್ಯೂಟರ್ ಆಟವೊಂದನ್ನು ಅವನು ಸೈಬರ್ ಸೆಂಟರಿನಲ್ಲಿ ಕಲಿತಿದ್ದ. ಅಲ್ಲಿ ಅವನು ಸೇರಿದ ತಂಡದವರು ದಿನವೂ ಬರಬೇಕೆನ್ನುತ್ತಿದ್ದರು, ತಪ್ಪಿದರೆ ಬಯ್ಯುತ್ತಿದ್ದರು. ಮಂಡಿಯ ಕೆಲಸ ಕೆಟ್ಟಿತು. ನಾನು ಬೆಲ್ಟಿನಲ್ಲಿ ಹೊಡೆದೆ. ಆಮೇಲೆ ಅವನೇ ಹುಡುಕಿ ಬೇರೆ ಆಟ, ಬೇರೆ ತಂಡ ಆರಿಸಿದ.

"ಇವ್ರು ಒಳ್ಳೇವ್ರಣ್ಣಾ. ಹೊಸಬ್ರಿಗೆ ಕಲಿಸ್ತಾರೆ. ಭಾನುವಾರ ಎರಡು ಗಂಟೆ ಹೊತ್ತು ಬಂದ್ರೆ ಸಾಕಂತೆ," ಎಂದ. ನಾನು ನಂಬಲಿಲ್ಲ.

ಒಂದು ಭಾನುವಾರ ಲಾರಿ ಬೇಗ ಬಂತು. ಅವನನ್ನು ಕರೆಯಲು ಸೈಬರ್ ಸೆಂಟರಿಗೆ ಹೋದೆ.

"ಹತ್ತು ನಿಮಿಷ ಅಣ್ಣಾ. ಆಟದಲ್ಲಿ ನಮ್ಮ ತಂಡದವ್ರ ಗಾಯ ವಾಸಿ ಮಾಡೋನು ನಾನೊಬ್ನೇ. ಈಗ ಎದ್ರೆ ಎಲ್ರೂ ಸಾಯ್ತಾರೆ."

"ಸಾಯ್ಲಿ ಬಿಡ್ಲಾ," ಎಂದು ಕೂದಲು ಹಿಡಿದು ಅವನ ಮುಖವನ್ನು ಮೇಜಿಗೆ ಅಪ್ಪಳಿಸಿದೆ. ಮತ್ತೊಮ್ಮೆ ಅಪ್ಪಳಿಸಿದೆ. ಕೀಬೋರ್ಡಿನ ಮೇಲೆ ರಕ್ತ ಚೆಲ್ಲಿ ಹಲ್ಲು ಬಿತ್ತು.

ಪರದೆಯ ಮೇಲೆ ಅವನ ತಂಡದವರು ಒಬ್ಬೊಬ್ಬರಾಗಿ ಸತ್ತು ಬಿದ್ದರು. ಆಮೇಲೆ ಕೆಳಗೆ ಅಕ್ಷರಗಳು ಮೂಡಿದವು. ನನಗೆ ಇಂಗ್ಲಿಷ್ ಬಾರದು. ನನ್ನ ಕೈ ಬಿಡಿಸಲು ಓಡಿಬಂದ ಸೆಂಟರಿನವನು ಓದಿದ: "ಪರವಾಗಿಲ್ಲ, ಮತ್ತೆ ಆಡೋಣ, ನೀನು ಹುಷಾರಾಗಿದ್ದೀಯಾ ಅಂತ ಕೇಳ್ತಾವ್ರೆ."

ತಮ್ಮ ಒಂದು ಕೈಯಿಂದ ಬಾಯಿ ಮುಚ್ಚಿಕೊಂಡು ಇನ್ನೊಂದು ಕೈಯಲ್ಲಿ ಏನೋ ಬರೆದ. ಏನೆಂದು ಕೇಳಿದೆ.

"ಅಣ್ಣನ ಜೊತೆ ಕೆಲ್ಸ ಇದೆ, ಇನ್ಮೇಲೆ ಬರಕ್ಕಾಗಲ್ಲ ಅಂದೆ," ಎಂದ.

ನಾನು ಹೊಡೆದದ್ದನ್ನು ಅವನು ಅವರಿಗೂ ಹೇಳಲಿಲ್ಲ.