ಒಂದೇ ಗೇಟಿನ ಆಟ

ವಾಡಿಯ ರಾಧಿಕಾ ಶಹಾಬಾದಿನ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಆರು ವರ್ಷದಿಂದ ಪಾಠ ಹೇಳುತ್ತಿದ್ದಳು. ಅಪ್ಪ ರಾಮಲಿಂಗ ನೆಲಕ್ಕೆ ಹಾಸುವ ಫರ್ಶಿಕಲ್ಲಿನ ಗಣಿಯಲ್ಲಿ ದುಡಿದು, ಎದೆಗೆ ಧೂಳು ಹಿಡಿದು ಮನೆಯಲ್ಲಿ ಕೂತಿದ್ದ. ತಾಯಿ ಪೀರಮ್ಮನಿಗೆ ಮಗಳ ಕೆಲಸ ಏನೆಂಬುದು ಪೂರ್ತಿ ತಿಳಿದಿರಲಿಲ್ಲ. ಆದರೆ ಅದು ಕಾಯಂ ಅಲ್ಲ ಎಂಬುದು ಚೆನ್ನಾಗಿ ತಿಳಿದಿತ್ತು.

ಪಾಠ ಮುಗಿದ ಮೇಲೆ ರಾಧಿಕಾ ಕಂಪ್ಯೂಟರ್ ಆಟ ಬರೆಯುತ್ತಿದ್ದಳು. ಯಾರೂ ಕಲಿಸಿದ್ದಲ್ಲ. ಇಂಟರ್‌ನೆಟ್ಟಿನಲ್ಲಿ ವರ್ಷಕ್ಕೆ ಒಂದೆರಡು ಸಲ ಒಂದು ಪಂದ್ಯ ನಡೆಯುತ್ತಿತ್ತು. ಶನಿವಾರ ಬೆಳಿಗ್ಗೆ ಎಂಟೂವರೆಗೆ ಒಂದು ವಿಷಯ ಕೊಡುತ್ತಾರೆ. ಸೋಮವಾರ ಎಂಟೂವರೆಯೊಳಗೆ, ಒಬ್ಬರೇ ಕೂತು, ಪ್ರೋಗ್ರಾಮು, ಚಿತ್ರ, ಶಬ್ದ ಎಲ್ಲ ತಾವೇ ಮಾಡಿ, ಆಟ ಕಳಿಸಬೇಕು. ಬಹುಮಾನ ಇಲ್ಲ. ಎಲ್ಲೆಲ್ಲಿಯವರೋ ಆಡಿ ನೋಡಿ ಅಂಕ ಕೊಡುತ್ತಾರೆ, ಅಷ್ಟೆ.

ಎರಡು ಸಾವಿರದ ಏಳರಲ್ಲಿ ಮೊದಲ ಸಲ ಕೂತಾಗ ಅವಳು ಇಡೀ ವಾಡಿ ಜಂಕ್ಷನ್ನನ್ನೇ ಕಟ್ಟಲು ಹೊರಟಿದ್ದಳು. ಎಲ್ಲ ಹಳಿ, ಸಿಗ್ನಲ್ಲು, ಸಿಮೆಂಟಿನ ವ್ಯಾಗನ್ನು. ಭಾನುವಾರ ಸಂಜೆಗೆ ನಕಾಶೆ ಇತ್ತು, ಚೆಂದದ ಮೊದಲ ಪುಟ ಇತ್ತು, ಆಡಲು ಮಾತ್ರ ಏನೂ ಇರಲಿಲ್ಲ. ಕಳಿಸಲೇ ಇಲ್ಲ.

ಮರುವರ್ಷ ಅವಳು ಆಟದ ಬಗ್ಗೆ ಯೋಚಿಸುವ ಮೊದಲು ವೇಳೆಯ ಬಗ್ಗೆ ಯೋಚಿಸಿದಳು. ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಸೆಂಟರಿನ ಬಾಗಿಲು ತೆರೆದಿದ್ದಾಗಷ್ಟೇ ಕೆಲಸ. ಹಾಗೆ ನೋಡಿದರೆ ನಲವತ್ತೆಂಟು ತಾಸಿನಲ್ಲಿ ಅವಳಿಗೆ ದಕ್ಕುವುದು ಇಪ್ಪತ್ಮೂರು. ಶನಿವಾರದ ಎರಡು ಬ್ಯಾಚಿಗೆ ಮೂರು ಹೋಯಿತು. ಕರೆಂಟು ತೆಗೆಯುವುದು ಎರಡು ದಿನ ಸೇರಿ ಐದು. ಊಟಕ್ಕೆ, ಚಹಾಕ್ಕೆ ಎರಡು. ಉಳಿದದ್ದು ಹದಿಮೂರು. ಅದರಲ್ಲಿ ಅರ್ಧ ತಪ್ಪು ತಿದ್ದುವುದಕ್ಕೇ ಬೇಕು ಎಂದು ಹಿಂದಿನ ವರ್ಷ ಕಲಿಸಿತ್ತು. ಅಂದರೆ ಕಟ್ಟುವುದಕ್ಕೆ ಆರೂವರೆ ತಾಸು. ಆರೂವರೆ ತಾಸಿನಲ್ಲಿ ಮುಗಿಯುವ ಆಟವನ್ನಷ್ಟೇ ಹಿಡಿಯಬೇಕು ಎಂದು ನಿರ್ಧರಿಸಿಕೊಂಡಳು.

ಆ ಸಲ ಕೊಟ್ಟ ವಿಷಯ ‘ಕಾಯುವುದು’. ರಾಧಿಕಾ ರೈಲ್ವೆ ಗೇಟು ಆರಿಸಿಕೊಂಡಳು. ಒಂದೇ ಗೇಟು, ಒಂದೇ ಗುಂಡಿ. ಒತ್ತಿದರೆ ಮುಚ್ಚುತ್ತದೆ, ಮತ್ತೆ ಒತ್ತಿದರೆ ತೆರೆಯುತ್ತದೆ. ರೈಲುಗಾಡಿ ಎಡದಿಂದಲೋ ಬಲದಿಂದಲೋ ಬರುತ್ತದೆ. ಗೇಟು ತೆರೆದಿದ್ದಾಗ ಗಾಡಿ ಬಂದರೆ ಆಟ ಮುಗಿಯಿತು. ಬಹಳ ಹೊತ್ತು ಮುಚ್ಚಿಟ್ಟರೆ ನಿಂತ ಮಂದಿಯ ತಾಳ್ಮೆ ತೀರಿ ಆಟ ಮುಗಿಯಿತು. ಮಳೆ, ಪ್ಲಾಟ್‌ಫಾರ್ಮು, ಬೇರೆ ಬೇರೆ ಊರು, ಎಲ್ಲವೂ ಮನಸ್ಸಿಗೆ ಬಂದವು. ಬಂದ ಹಾಗೆ ‘ಈಗ ಬೇಡ’ ಎಂಬ ತಲೆಬರಹದ ಕೆಳಗೆ ಬರೆದಿಟ್ಟಳು.

ಚಿತ್ರ ಬಿಡಿಸಲಿಲ್ಲ. ಗಾಡಿ ಒಂದು ಕೆಂಪು ಚೌಕ, ಮಂದಿ ಕರಿ ಚುಕ್ಕೆ. ಶನಿವಾರ ನಾಲ್ಕು ಗಂಟೆಗೆ ಆಡಬಹುದಾದ ಆಟ ಸಿದ್ಧವಾಗಿತ್ತು. ಅದೇ ಸೆಂಟರಿನಲ್ಲಿ ಟೈಪಿಂಗ್ ಕಲಿಸುವ ಗೆಳತಿ ಮೆಹತಾಬಳನ್ನು ಕರೆದು ಕೂರಿಸಿದಳು. ಏನೂ ಹೇಳಿಕೊಡಲಿಲ್ಲ.

“ಏನ್ ಒತ್ತಬೇಕು ಇದಕ್ಕ?” ಎಂದಳು ಮೆಹತಾಬ್.

ಅದು ಪರದೆಯ ಮೇಲೇ ಕಾಣಬೇಕು ಎಂದು ರಾಧಿಕಾ ಬರೆದುಕೊಂಡಳು. ಮೆಹತಾಬ್ ಸೋತಳು, ನಕ್ಕಳು, ಮತ್ತೆ ಆಡಿದಳು.

“ತಡಿ, ಇನ್ನೊಂದ್ ಸಲ. ಈ ಮಂದೀಗಿ ಎಷ್ಟರ ಅವಸರ ಅದ ನೋಡು!”

ಐದನೆಯ ಸಲಕ್ಕೂ ಅವಳು ಎದ್ದಿರಲಿಲ್ಲ. ರಾಧಿಕಾಗೆ ಅಷ್ಟು ಖುಷಿ ಆ ಸೆಂಟರಿನಲ್ಲಿ ಹಿಂದೆಂದೂ ಆಗಿರಲಿಲ್ಲ. ಆ ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಸಂಜೆಯ ಗಾಡಿಗೆ ಮನೆಗೆ ಹೋದಳು. ಭಾನುವಾರಕ್ಕೆ ಚಿತ್ರ, ಶಬ್ದ, ಗಾಡಿಯ ವೇಗ ಹದ ಮಾಡುವುದು, ಬೇರೆ ಕಂಪ್ಯೂಟರಿನಲ್ಲಿ ಓಡಿಸಿ ನೋಡುವುದು ಇಷ್ಟೇ ಉಳಿದಿತ್ತು. ಮೂರು ಗಂಟೆಗೆ ಕಳಿಸಿಬಿಡಬಹುದಿತ್ತು.

ಭಾನುವಾರ ಒಂಬತ್ತಕ್ಕೆ ಸೆಂಟರಿನ ಮಾಲೀಕ ಪಾಂಡುರಂಗ ಸರ್ ಬಂದರು. ಕೆಟ್ಟವರಲ್ಲ. ಕೀಲಿಕೈ ಕೊಟ್ಟವರೇ ಅವರು. ಅವಳ ಹಿಂದೆ ನಿಂತು ಆಟ ನೋಡಿದರು.

“ಛಲೋ ಅದವ್ವ. ನೋಡು, ನಾಳಿ ಹನ್ನೊಂದಕ್ಕ ಟ್ರಸ್ಟಿನವರು ಬರಾಕತ್ತಾರ. ಚಿತ್ತಾಪುರದಾಗ ಹೊಸಾ ಕಾಲೇಜ ಮಾಡ್ತಾರ, ಲ್ಯಾಬಿಗಿ ಒಬ್ಬರು ಬೇಕಂತ. ಕಾಯಂ ನೌಕರಿ. ಇದನ್ನs ತೋರಸೋಣು.”

ರಾಧಿಕಾ ಕುರ್ಚಿಯಿಂದ ಎದ್ದು ನಿಂತಳು.

“ಆದ್ರ ಒಂದ್ ಗೇಟ್ ಏನ್ ತೋರಸೋದು? ಅವರು ದೊಡ್ಡ ಮಂದಿ. ವಾಡಿ, ಶಹಾಬಾದ, ಚಿತ್ತಾಪುರ, ಸೇಡಂ, ನಾಕೂ ಹಾಕು. ಗಾಡಿ ಒಂದರಿಂದ ಇನ್ನೊಂದಕ್ಕ ಹೋಗ್ಲಿ. ಇದ್ದದ್ದನ್ನs ನಾಕು ಸಲ ಇಡೋದು, ಅಷ್ಟs ಅಲ್ಲೇನು?”

“ಇಲ್ರಿ ಸರ್. ನಾಕು ಗೇಟ್ ಅಂದ್ರ ನಾಕು ಪಟ್ಟು ಕೆಲಸ ಅಲ್ರಿ, ಅದಕ್ಕಿಂತ ಭಾಳ ಹೆಚ್ರಿ. ಒಂದಕ್ಕೊಂದು ತಾಳ ಕೂಡಬೇಕ್ರಿ, ಪರದಿ ಸರೀಬೇಕ್ರಿ. ಇವತ್ತೊಂದ್ ದಿನದಾಗ ಆಗಂಗಿಲ್ರಿ.”

“ನಿನ್ನಿ ಒಂದ್ ದಿನದಾಗ ಇಷ್ಟು ಮಾಡೀದಿ. ನಿನಗ ನಿನ್ನ ಮ್ಯಾಲೆ ಭರೋಸಾ ಇಲ್ಲ, ನನಗದ.”

ಆಗುವುದಿಲ್ಲ ಎಂದು ರಾಧಿಕಾಗೆ ಗೊತ್ತಿತ್ತು. ಅಂದಾಜಿನಿಂದಲ್ಲ, ಲೆಕ್ಕ ಹಾಕಿಯೇ ಗೊತ್ತಿತ್ತು. ಆದರೆ ಕಾಯಂ ಎಂಬ ಮಾತು ಕಿವಿಯಲ್ಲಿ ಉಳಿದಿತ್ತು, ಅಪ್ಪನ ಕೆಮ್ಮೂ ಅಲ್ಲೇ ಇತ್ತು. “ಹೂಂ ರಿ” ಎಂದಳು.

ಶಬ್ದಕ್ಕೆ ಇಟ್ಟ ತಾಸು ಪರದೆ ಸರಿಸುವುದಕ್ಕೆ ಹೋಯಿತು. ಚಿತ್ರಕ್ಕೆ ಇಟ್ಟದ್ದು ಗಾಡಿಗಳ ವೇಳೆ ಹೊಂದಿಸುವುದಕ್ಕೆ ಹೋಯಿತು. ಗಾಡಿ ಎರಡನೆಯ ಗೇಟು ದಾಟಿದ ಕೂಡಲೇ ಮೊದಲ ಗೇಟು ತನ್ನಷ್ಟಕ್ಕೆ ತೆರೆದುಕೊಳ್ಳುತ್ತಿತ್ತು. ಅದನ್ನು ತಿದ್ದಿದರೆ ಮೂರನೆಯ ಗಾಡಿಗೆ ಆಟವೇ ನಿಂತುಬಿಡುತ್ತಿತ್ತು. ನಡುವೆ ಕರೆಂಟು ಹೋಯಿತು. ಯುಪಿಎಸ್ ಹತ್ತು ನಿಮಿಷ ಕೂಗಿ ಸುಮ್ಮನಾಯಿತು. ಸಂಜೆ ಏಳಕ್ಕೆ ಬಾಗಿಲು ಹಾಕುವಾಗ ನಾಲ್ಕು ಗೇಟೂ ಇದ್ದವು, ಯಾವುದೂ ನಂಬುವಂತಿರಲಿಲ್ಲ.

ಸೋಮವಾರ ಏಳಕ್ಕೆ ಬಂದು ಮುಕ್ಕಾಲು ತಾಸು ಹುಡುಕಿದಳು. ತಪ್ಪು ಸಿಗಲಿಲ್ಲ. ಪೆನ್‌ಡ್ರೈವಿನಿಂದ ಶನಿವಾರದ ಪ್ರತಿ ತೆಗೆದು, ‘ಸ್ಪೇಸ್ ಒತ್ತಿ’ ಎಂಬ ಒಂದು ಸಾಲು ಸೇರಿಸಿ, ಎಂಟೂಕಾಲಿಗೆ ಕಳಿಸಿದಳು. ಅದೇ ಕೆಂಪು ಚೌಕ, ಅದೇ ಕರಿ ಚುಕ್ಕೆ. ಶಬ್ದ ಇಲ್ಲ.

ಹನ್ನೊಂದಕ್ಕೆ ಟ್ರಸ್ಟಿನವರು ಬಂದರು. “ಸರ್, ಒಂದ್ ಗೇಟಿಂದು ತೋರಸ್ರಿ, ಅದು ನಡೀತದ,” ಎಂದು ರಾಧಿಕಾ ಮೆಲ್ಲಗೆ ಹೇಳಿದಳು. ಪಾಂಡುರಂಗ ಸರ್ ನಾಲ್ಕರದ್ದನ್ನೇ ತೆರೆದರು. ಮೂರನೆಯ ಗಾಡಿಗೆ ಪರದೆ ನಿಂತಿತು. ಬಂದವರಲ್ಲಿ ಹಿರಿಯರೊಬ್ಬರು ಎರಡು ಸಲ ಗುಂಡಿ ಒತ್ತಿ ಕೈ ತೆಗೆದರು.

“ಇದು ಇನ್ನಾ ಮುಗದಿಲ್ಲ ಅನಸ್ತದ,” ಎಂದರು.

ಚಹಾ ಬಂತು, ಕುಡಿದರು, ಹೋದರು. ನೌಕರಿ ಬೇರೆಯವರಿಗೆ ಆಯಿತೆಂದು ತಿಂಗಳೊಳಗೆ ತಿಳಿಯಿತು.

ಅದಕ್ಕೂ ಮೊದಲೇ ಪಂದ್ಯದ ಅಂಕ ಬಂದಿತ್ತು. ರಾಧಿಕಾಳ ಆಟ ಪಟ್ಟಿಯ ನಡುವಿನಲ್ಲೆಲ್ಲೋ ಇತ್ತು. ಯಾವುದೋ ದೇಶದ ಒಬ್ಬರು ಬರೆದಿದ್ದರು: ಯೋಚನೆ ತುಂಬ ಚೆನ್ನಾಗಿದೆ, ಬಿಡಲಾಗದೆ ಆಡಿದೆ, ಆದರೆ ಎರಡನೆಯ ದಿನ ನೀವು ಕೆಲಸವನ್ನೇ ಮಾಡಲಿಲ್ಲವೇ? ಶಬ್ದ, ಚಿತ್ರ ಇದ್ದಿದ್ದರೆ ಇದು ಮೊದಲ ಹತ್ತರಲ್ಲಿ ಇರುತ್ತಿತ್ತು.

ಅವಳು ಅದನ್ನು ಪಾಂಡುರಂಗ ಸರ್‌ಗೆ ತೋರಿಸಿದಳು. ಅವರು ಕನ್ನಡಕ ಏರಿಸಿ ಓದಿದರು.

“ಅದಕ್ಕs ನಾ ಹೇಳಿದ್ದೆ ನೋಡವ್ವ, ಒಂದ್ ಗೇಟ್ ಸಾಲಂಗಿಲ್ಲ ಅಂತ.”

ಅವರು ಸುಳ್ಳು ಹೇಳುತ್ತಿರಲಿಲ್ಲ. ಹಾಗೆಂದು ನಿಜವಾಗಿಯೂ ನಂಬಿದ್ದರು. ಅದೇ ರಾಧಿಕಾಗೆ ನುಂಗಲಾಗಲಿಲ್ಲ.

“ಅವತ್ತs ಆಗಂಗಿಲ್ಲ ಅನಬೇಕಿತ್ತು ನೀ,” ಎಂದಳು ಮೆಹತಾಬ್, ಮನೆಗೆ ಹೊರಡುವಾಗ.

“ಅಂದಿದ್ದೆ. ಆಮ್ಯಾಲ ಹೂಂ ಅಂದೆ.”

ಮರುವರ್ಷ ರಾಧಿಕಾಗೆ ದಂಡೋತಿಯ ಕಡೆಯ ಒಂದು ಪಂಚಾಯಿತಿಯಲ್ಲಿ ಕಂಪ್ಯೂಟರ್ ನಡೆಸುವ ಕೆಲಸ ಸಿಕ್ಕಿತು. ಅದೂ ಕಾಯಂ ಅಲ್ಲ. ಮಂದಿಯ ಹೆಸರು, ತಂದೆಯ ಹೆಸರು, ವಯಸ್ಸು ತುಂಬುವುದು. ಪಂದ್ಯದವರು ಮುಂದಿನ ದಿನಾಂಕ ತಿಳಿಸಿ ಎರಡು ಸಲ ಪತ್ರ ಕಳಿಸಿದರು. ಎರಡು ಸಲವೂ ಅವಳು ಪೂರ್ತಿ ಓದಿದಳು. ಪಂದ್ಯ ಶುರುವಾಗುವ ಆ ಶನಿವಾರಗಳಂದು ಎಂಟೂವರೆಗೆ ಅವಳು ಕಾಗಿಣಾ ಹೊಳೆ ದಾಟುವ ಬಸ್ಸಿನಲ್ಲಿ, ಕಿಟಕಿಯ ಪಕ್ಕ, ಊಟದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.