ಉದ್ದವ್ವ ಮೂಸಿ ನೋಡಿದ ಡ್ರಮ್

ಕೌಜಲಗಿಯ ನಮ್ಮ ಓಣಿಯಲ್ಲಿ ಉದ್ದವ್ವ ಯಾರ ಮನೆಗೆ ಹೋದರೂ ಮೊದಲು ನೀರಿನ ಡ್ರಮ್ಮಿನ ಮುಚ್ಚಳ ಎತ್ತಿ ನೋಡುತ್ತಾಳೆ. ಹನ್ನೆರಡು ವರ್ಷ ಬೆಲ್ಲದ ಗಾಣದಲ್ಲಿ ಕುದಿಯುವ ಕೊಪ್ಪರಿಗೆಯ ಮುಂದೆ ನಿಂತು ನೊರೆ ತೆಗೆದವಳು. ಕಣ್ಣು ಈಗ ಮಂಜು, ಮೂಗು ಮಾತ್ರ ಚುರುಕು. ಅವಳ ಮನೆಯ ಡ್ರಮ್ಮಿಗೆ ಕೆಳಗೆ ನಳವಿದೆ, ಬಿಗಿ ಮುಚ್ಚಳವಿದೆ. ಅದರೊಳಗೆ ನೀರು ತೆಗೆಯಲು ಚರಗಿ ಅದ್ದಿದ ಸ್ವಂತ ಮೊಮ್ಮಗನನ್ನೂ ಅವಳು ಬಿಟ್ಟಿಲ್ಲ: "ಕೈ ಅದ್ದಿದಿ ಅಂದ್ರ ಅದು ಕೈ ತೊಳದ ನೀರು. ದನಕ್ಕ ಹಾಕು!"

ಕಳೆದ ಬುಧವಾರದ ಮಾತು. ಪೈಪ್ ದುರಸ್ತಿಗೆಂದು ಮರುದಿನದಿಂದ ಐದು ದಿನ ನಳದ ನೀರು ನಿಲ್ಲುವುದಿತ್ತು. ಕೊನೆಯ ನೀರು ಸಂಜೆ ಆರರವರೆಗೆ. ನನ್ನ ಗಂಡ ಶ್ರೀಶೈಲ ಮೂಡಲಗಿ ಕಡೆಯ ಒಂದು ಗಾಣದಿಂದ ನೀಲಿ ಡ್ರಮ್ ತಂದಿದ್ದರು. ಓಣಿಯ ಇನ್ನೂ ನಾಲ್ಕು ಮನೆಯವರು ಅಲ್ಲಿಂದಲೇ ತಂದಿದ್ದರು. ನಾನು ಸೋಪು ಹಾಕಿ ಮೂರು ಸಲ ತಿಕ್ಕಿ, ಬಿಸಿಲಿಗೆ ಒಣಗಿಸಿ ತುಂಬಿದ್ದೆ.

ಐದೂವರೆಗೆ ಉದ್ದವ್ವ ಬಂದಳು. ಮುಚ್ಚಳ ಎತ್ತಿ ಮೂಸಿದಳು. ಮತ್ತೆ ಮೂಸಿದಳು.

"ಭಾಗ್ಯಾ, ಇದೆಲ್ಲಿದು?"

"ಗಾಣದ್ದು ಆಯಿ. ಬೆಲ್ಲದ ಡ್ರಮ್. ಓಣ್ಯಾಗ ಇನ್ನೂ ನಾಲ್ಕು ಮನಿಯವರು ತಂದಾರ."

"ಬೆಲ್ಲಾ ಯಾವ ಹುಚ್ಚ ಡ್ರಮ್ಮಿನ್ಯಾಗ ಇಡತಾನವಾ? ಬೆಲ್ಲದ್ದು ಅಚ್ಚಿಗೆ ಹಾಕಿ ಪೆಂಟಿ ಮಾಡತಾರ. ಡ್ರಮ್ಮಿನ್ಯಾಗ ಬರೂದು ಬೆಲ್ಲದ ಬಣ್ಣ ತೆಗಿಯೂ ಔಷಧ, ಇಲ್ಲಾ ಹೊಲಕ್ಕ ಹೊಡಿಯೂದು." ಅವಳ ಬೆರಳು ಡ್ರಮ್ಮಿನ ಹೊಟ್ಟೆಯ ಮೇಲೆ ನಿಂತಿತು. ಅಲ್ಲಿ ಚೀಟಿ ಕೆರೆದು ತೆಗೆದ ಗುರುತಿತ್ತು. "ಏನಿತ್ತೋ ಯಾರಿಗೆ ಗೊತ್ತು."

"ಕುದಿಸಿದ್ರ ಹೋಗಂಗಿಲ್ಲನ್ರಿ?"

"ಕುದಿಸಿದ್ರ ಹುಳಾ ಸಾಯತಾವ. ವಿಷಾ ಎಲ್ಲಿ ಹೋಗತೈತಿ? ಪ್ಲಾಸ್ಟಿಕ್ ಕುಡದದ್ದನ್ನ ಸಾಬೂನ ತೆಗಿಯಂಗಿಲ್ಲ. ಚೆಲ್ಲಿಬಿಡು."

ಒಳಗಿಂದ ನನ್ನ ಅತ್ತೆ ಶಿವಗಂಗವ್ವ ಕೂಗಿದರು: "ಉದ್ದವ್ವಕ್ಕಾ, ತುಂಬಿದ ನೀರು ಚೆಲ್ಲಸ್ತಿಯೇನ? ನಾಳಿಂದ ನಿನ್ನ ಮೂಗು ಹಿಂಡಿ ಕುಡಿಯೂದೇನ?"

ನಾನು ನಗಲಿಲ್ಲ. ಅತ್ತೆ ಒಳಗೆ ಏನು ಮಾಡುತ್ತಿದ್ದಾರೆಂದು ಆಗ ಹೊಳೆಯಿತು. ಓಡಿದೆ. ಎಂಟು ತಿಂಗಳ ನನ್ನ ಮಗಳು ಅವರ ತೊಡೆಯ ಮೇಲಿದ್ದಳು. ಬಾಯಲ್ಲಿ ಪುಡಿ ಹಾಲಿನ ಬಾಟಲಿ.

"ಯಾವ ನೀರು ಹಾಕೀರಿ ಅತ್ತಿ?"

"ಡ್ರಮ್ಮಿಂದು. ಕಾಸೇನಿ."

ಕಸಿದುಕೊಂಡೆ. ಹಾಲು ಎರಡು ಗೆರೆ ಇಳಿದಿತ್ತು. ಅತ್ತೆಯ ಮುಖ ಬೂದಿಯಾಯಿತು.

"ವಾಂತಿ ಮಾಡಸಬ್ಯಾಡ, ಬಾಯಾಗ ಏನೂ ಹಾಕಬ್ಯಾಡ," ಎಂದು ಹಿಂದೆಯೇ ಬಂದ ಉದ್ದವ್ವ, ಮಗಳ ಬಾಯಿಗೆ ಹೋಗುತ್ತಿದ್ದ ನನ್ನ ಬೆರಳು ಹಿಡಿದು ತಡೆದಳು. "ಬಾಟಲಿ ತಗೊ, ಡ್ರಮ್ಮಿನ ಮುಚ್ಚಳಾನೂ ತಗೊ, ಡಾಕ್ಟರಗ ತೋರಸು. ಗೋಕಾಕಕ್ಕ ನಡಿ. ಶಿವಗಂಗವ್ವ, ನೀ ಡ್ರಮ್ಮಿನ ನೀರು ಚೆಲ್ಲಿ, ನಳ ನಿಲ್ಲೂದ್ರಾಗ ಸ್ಟೀಲ್ ಕೊಡ ತುಂಬು. ನಾ ಉಳದ ನಾಲ್ಕು ಮನಿಗೆ ಹೋಗಿಬರತೇನಿ."

ಮಗಳನ್ನೆತ್ತಿಕೊಂಡು ನಾನು ಹತ್ತಿದ ಆಟೊ ಓಣಿ ತಿರುಗುವಾಗ ಉದ್ದವ್ವ ಮೊದಲ ಮನೆಯ ಬಾಗಿಲು ಬಡಿಯುತ್ತಿದ್ದಳು. ಆ ಮನೆಯಲ್ಲಿ ಒಲೆಯ ಹೊಗೆ ಏಳುತ್ತಿತ್ತು, ಅಡುಗೆ ಆಗಲೇ ಶುರುವಾಗಿತ್ತು.

ಮಗಳು ನನ್ನ ಎದೆಗೆ ಒರಗಿ ಕಣ್ಣು ಮುಚ್ಚಿದಳು. ಅವಳು ಮಲಗುವ ಹೊತ್ತೇ ಅದು, ದಿನಾ ಮಲಗುವ ಹೊತ್ತೇ. ಆದರೂ ನಿದ್ದೆಯೋ ವಿಷವೋ ತಿಳಿಯದೆ ಕೆನ್ನೆ ತಟ್ಟಿ ಎಬ್ಬಿಸಿದೆ. ಅತ್ತಳು. ಸ್ವಲ್ಪ ಹೊತ್ತಿಗೆ ಮತ್ತೆ ಕಣ್ಣು ಮುಚ್ಚಿದಳು. ಗೋಕಾಕ ಇನ್ನೂ ದೂರವಿತ್ತು. ಮತ್ತೆ ಕೆನ್ನೆ ತಟ್ಟಿದೆ.